ಸಾಕ್ಷಿ ಎಲ್ಲೋ ಕ್ಯಾತ? ಶಾಲಾ ವಿಜ್ಞಾನದ ವಿಡಿಯೋ ಸರಣಿ ಕಟ್ಟುವ ಬಗೆ

ಶಾಲಾ ಮಕ್ಕಳಿಗೆ ವಿಜ್ಞಾನದ ವಿಡಿಯೋ ಮಾಡಲು ಹೊರಟವರು ಸಾಮಾನ್ಯವಾಗಿ ಮೂರು ಕೆಲಸಗಳನ್ನು ಮೂರು ಕಡೆ ಮಾಡುತ್ತಾರೆ. ಒಬ್ಬರು ಮುದ್ದಾದ ಗೊಂಬೆಯ ಚಿತ್ರ ಬರೆಯುತ್ತಾರೆ, ಇನ್ನೊಬ್ಬರು ಪಾಠ ಬರೆಯುತ್ತಾರೆ, ಎಡಿಟಿಂಗ್ ಮುಗಿಯುವ ಹೊತ್ತಿಗೆ ಯಾರಿಗೋ ನೆನಪಾಗಿ ಕೊನೆಗೆ ನಾಲ್ಕು ಪ್ರಶ್ನೆ ಅಂಟಿಸುತ್ತಾರೆ. ಗೊಂಬೆ ಬಂದು "ನಮಸ್ತೆ ಮಕ್ಕಳೇ" ಎಂದು ಕೈ ಬೀಸಿ ಹೋಗುತ್ತದೆ. ಅದನ್ನು ಕತ್ತರಿಸಿ ಬಿಸಾಡಿದರೂ ಪಾಠಕ್ಕೆ ಏನೂ ಆಗುವುದಿಲ್ಲ.

ಗೊಂಬೆ, ಕಂತಿನ ಚೌಕಟ್ಟು, ಕ್ವಿಜ್ ಮೂರನ್ನೂ ಒಂದೇ ಬೇರಿನಿಂದ ಬೆಳೆಸಬಹುದು. ಆ ಬೇರು ಮಕ್ಕಳ ತಲೆಯಲ್ಲಿ ಈಗಾಗಲೇ ಇರುವ ತಪ್ಪು ಕಲ್ಪನೆ. ಆರು, ಏಳನೇ ತರಗತಿಗೆ ನೀರು ಮತ್ತು ಶಾಖದ ಮೇಲೆ ಎಂಟು ಕಂತುಗಳ ಸರಣಿಯೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು ಅದನ್ನು ಹೇಗೆ ಮಾಡುವುದೆಂದು ಹೇಳುತ್ತೇನೆ. ಬೇಕಿರುವುದು ಒಂದು ಫೋನು, ಒಂದು ಸ್ಟ್ಯಾಂಡು, ಕಾಲುಚೀಲದಲ್ಲಿ ಹೊಲಿದ ಕೈಗೊಂಬೆ.

ಮೊದಲು ತಪ್ಪುಗಳನ್ನು ಸಂಗ್ರಹಿಸಿ

ಸ್ಕ್ರಿಪ್ಟ್ ಬರೆಯುವ ಮುಂಚೆ ತರಗತಿಗೆ ಹೋಗಿ. ಪ್ರತಿ ಮಗುವಿಗೂ ಅರ್ಧ ಹಾಳೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: "ತಣ್ಣೀರು ತುಂಬಿದ ಲೋಟದ ಹೊರಗೆ ಹನಿಗಳು ಕೂರುತ್ತವಲ್ಲ, ಆ ನೀರು ಎಲ್ಲಿಂದ ಬಂತು?" ಹೆಸರು ಬರೆಯುವುದು ಬೇಡ, ಚಿತ್ರ ಬರೆದರೂ ಸರಿ ಎನ್ನಿ. ಹೆಸರು ಬರೆಸಿದರೆ ಮಕ್ಕಳು ಪುಸ್ತಕದ ಉತ್ತರ ಹುಡುಕಲು ಹೊರಡುತ್ತಾರೆ.

ಬಂದ ಉತ್ತರಗಳನ್ನು ಗುಂಪು ಮಾಡಿದರೆ ಸಾಮಾನ್ಯವಾಗಿ ಮೂರು ನಾಲ್ಕು ಕಟ್ಟುಗಳಷ್ಟೇ ಆಗುತ್ತವೆ. ಒಳಗಿನ ನೀರೇ ಜಿನುಗಿ ಬಂತು ಎನ್ನುವವರು ಒಂದು ಕಟ್ಟು, ಅಂಚಿನಿಂದ ಹತ್ತಿ ಇಳಿಯಿತು ಎನ್ನುವವರು ಇನ್ನೊಂದು. ತಣ್ಣಗಿನದೇ ನೀರಾಯಿತು ಎನ್ನುವವರೂ ಇರುತ್ತಾರೆ. "ಸಾಂದ್ರೀಕರಣ" ಎಂದು ಒಂದೇ ಪದ ಬರೆದು ಮುಗಿಸಿದವರನ್ನು ಬೇರೆ ಕಟ್ಟಿಗೆ ಹಾಕಿ. ಪದ ಗೊತ್ತಿದ್ದರೂ ನೀರು ಎಲ್ಲಿಂದ ಬಂತೆಂಬುದು ಅವರಲ್ಲಿ ಹಲವರಿಗೆ ಗೊತ್ತಿರುವುದಿಲ್ಲ. ಈ ಕಟ್ಟುಗಳೇ ನಿಮ್ಮ ಗೊಂಬೆಯ ಮಾತು, ಕ್ವಿಜ್‌ನ ತಪ್ಪು ಆಯ್ಕೆಗಳೂ ಇವೇ. ಹಾಳೆಗಳನ್ನು ಜೋಪಾನವಾಗಿಡಿ, ಮುಂದೆ ಮತ್ತೆ ಬೇಕಾಗುತ್ತವೆ.

ತಪ್ಪನ್ನು ತೆರೆಯ ಮೇಲೆ ತಂದರೆ ಅದೇ ಮಕ್ಕಳ ತಲೆಯಲ್ಲಿ ಕೂತುಬಿಡುವುದಿಲ್ಲವೇ ಎಂದು ಮೇಷ್ಟ್ರುಗಳು ಕೇಳುತ್ತಾರೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ 2008ರಲ್ಲಿ ಮುಗಿಸಿದ ಪಿಎಚ್.ಡಿ. ಸಂಶೋಧನೆ ಇದೇ ಪ್ರಶ್ನೆಯ ಸುತ್ತಲಿನದು. ಭೌತಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಸರಿಯಾದ ವಿವರಣೆ ಮಾತ್ರ ಇರುವ ವಿಡಿಯೋ ತೋರಿಸಿದರು. ಇನ್ನು ಕೆಲವರಿಗೆ ತಪ್ಪು ಕಲ್ಪನೆಯನ್ನು ಸಂಭಾಷಣೆಯಲ್ಲಿ ಎತ್ತಿ ಆಮೇಲೆ ಬಿಡಿಸುವ ವಿಡಿಯೋ. ಮೊದಲನೆಯದನ್ನು ನೋಡಿದವರು ಸ್ಪಷ್ಟವಾಗಿದೆ ಎಂದು ಹೊಗಳಿದರೂ ಪರೀಕ್ಷೆಯಲ್ಲಿ ಅಷ್ಟಾಗಿ ಮುಂದೆ ಹೋಗಲಿಲ್ಲ; ಎರಡನೆಯದನ್ನು ನೋಡಿದವರು ಹೆಚ್ಚು ಕಲಿತರು. ತನಗೆ ಗೊತ್ತಿರುವುದನ್ನೇ ವಿಡಿಯೋ ಹೇಳುತ್ತಿದೆ ಎಂದುಕೊಂಡ ಮಗು ಕಿವಿ ಮುಚ್ಚಿಕೊಳ್ಳುತ್ತದೆ. ಅವರೆಲ್ಲ ಕಾಲೇಜು ವಿದ್ಯಾರ್ಥಿಗಳು, ನಮ್ಮವರು ಏಳನೇ ತರಗತಿಯವರು ಎಂಬ ವ್ಯತ್ಯಾಸ ನೆನಪಿರಲಿ. ಆದ್ದರಿಂದ ಚಿಕ್ಕ ಮಕ್ಕಳಿಗೆ ಒಂದು ಕಂತಿಗೆ ಒಂದೇ ತಪ್ಪು ಸಾಕು. ಎರಡು ಹಾಕಿದರೆ ಯಾವುದು ಬಿದ್ದಿತು, ಯಾವುದು ಉಳಿಯಿತು ಎಂಬ ಲೆಕ್ಕ ತಪ್ಪುತ್ತದೆ.

ಗೊಂಬೆಯ ಜಾತಕ ಬರೆಯಿರಿ

ನಮ್ಮ ಗೊಂಬೆ ಓತಿಕ್ಯಾತ. ಹೆಸರು ಬರೀ ಕ್ಯಾತ. ಅವನನ್ನು ಆರಿಸಲು ಎರಡು ಕಾರಣ. "ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ" ಎಂಬ ಗಾದೆ ಒಂದು. ಹೇಳುವವನೂ ಸಾಕ್ಷಿಯೂ ಒಂದೇ ಕಡೆಯವರಾದರೆ ಅದು ಸಾಕ್ಷಿಯಲ್ಲ ಎನ್ನುವ ಮಾತು ಪ್ರಯೋಗ ಯಾಕೆ ಬೇಕು ಎಂಬುದಕ್ಕೆ ಹೇಳಿಮಾಡಿಸಿದಂತಿದೆ. ಎರಡನೆಯದು, ಅದು ತಲೆ ಅಲ್ಲಾಡಿಸುವ ಪ್ರಾಣಿ, ಕೈಗೊಂಬೆಯಲ್ಲಿ ಆ ಚಲನೆ ಸಲೀಸು. (ಬೇಲಿಯ ಮೇಲೆ ಓತಿಕ್ಯಾತ ಕಂಡರೆ ಕಲ್ಲು ಬೀರುವ ಹುಡುಗರ ಕೈ ಎಂಟು ಕಂತು ಮುಗಿಯುವುದರೊಳಗೆ ಸ್ವಲ್ಪ ಹಿಂಜರಿದರೆ ಅದು ಪುಕ್ಕಟೆ ಲಾಭ.)

ಜಾತಕ ಒಂದು ಪುಟ ಮೀರದಿರಲಿ. ಕ್ಯಾತ ಏನು ತಿನ್ನುತ್ತಾನೆ, ಎಲ್ಲಿ ಕೂರುತ್ತಾನೆ, ಯಾರಿಗೆ ಏನೆಂದು ಕರೆಯುತ್ತಾನೆ ಎಂಬುದನ್ನು ಬೇಗ ಬರೆದು ಮುಗಿಸಿ. ಹೆಚ್ಚು ಹೊತ್ತು ಕೊಡಬೇಕಾದದ್ದು ಅವನು ಹೇಗೆ ತಪ್ಪುತ್ತಾನೆ ಎಂಬುದಕ್ಕೆ.

ಕ್ಯಾತ ದಡ್ಡನಲ್ಲ. ಅವನ ತಪ್ಪಿನ ಹಿಂದೆ ಯಾವಾಗಲೂ ಒಂದು ಒಳ್ಳೆಯ ಕಾರಣ ಇರಬೇಕು. ಲೋಟದ ನೀರು ಜಿನುಗಿತು ಎನ್ನುವಾಗ ಅವನ ಕಣ್ಣ ಮುಂದೆ ಮಣ್ಣಿನ ಮಡಕೆ ಇದೆ, ಮಡಕೆಯಿಂದ ನೀರು ಜಿನುಗುವುದು ನಿಜ ತಾನೇ? ಕಂಬಳಿ ಹೊದಿಸಿದರೆ ಮಂಜುಗಡ್ಡೆ ಬೇಗ ಕರಗುತ್ತದೆ ಎನ್ನುವಾಗ ಚಳಿಗಾಲದ ರಾತ್ರಿಯ ಅನುಭವ ಅವನ ಬೆನ್ನಿಗಿದೆ. ಕಾರಣವಿಲ್ಲದ ತಪ್ಪು ಹೇಳಿಸಿದರೆ ಮಕ್ಕಳು ನಗುತ್ತಾರೆ, ಆದರೆ ಅದು ತಮ್ಮದೇ ತಪ್ಪು ಎಂದು ಅವರಿಗೆ ಅನ್ನಿಸುವುದಿಲ್ಲ.

ಕ್ಯಾತ ಯಾವಾಗಲೂ ತಪ್ಪಬಾರದು. ಸರಣಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಮೂರನೇ ಕಂತಿನ ಹೊತ್ತಿಗೆ ಮಕ್ಕಳು "ಕ್ಯಾತ ಹೇಳಿದ್ದಕ್ಕೆ ಉಲ್ಟಾ ಹೇಳಿದರೆ ಸರಿ" ಎಂಬ ಸೂತ್ರ ಕಂಡುಕೊಳ್ಳುತ್ತಾರೆ. ಆಮೇಲೆ ಅವರು ಯೋಚಿಸುವುದು ಕ್ಯಾತನ ಬಗ್ಗೆ, ನೀರಿನ ಬಗ್ಗೆ ಅಲ್ಲ. ಎಂಟರಲ್ಲಿ ಎರಡು ಮೂರು ಕಂತುಗಳಲ್ಲಿ ಅವನ ಮಾತು ನಿಜವಾಗಲಿ, ಅದೂ ನಂಬಲು ಕಷ್ಟವಾದ ಮಾತು. "ಮಂಜುಗಡ್ಡೆಗೆ ಉಪ್ಪು ಹಾಕಿದರೆ ಇನ್ನೂ ತಣ್ಣಗಾಗುತ್ತೆ" ಎಂದು ಅವನು ಹೇಳಲಿ, ಥರ್ಮಾಮೀಟರ್ ಸೊನ್ನೆಯ ಕೆಳಗೆ ಇಳಿಯಲಿ, ಇಡೀ ತರಗತಿ ಸೋಲಲಿ.

ಕ್ಯಾತ ವಿಜ್ಞಾನವನ್ನು ವಿವರಿಸುವುದೂ ಇಲ್ಲ. ವಿವರಣೆ ಪ್ರಯೋಗದಿಂದ ಬರಬೇಕು, ಮಾತಿಗೆ ಇಳಿಸುವವರು ಇನ್ನೊಬ್ಬರಿರಬೇಕು. ನಮ್ಮಲ್ಲಿ ಆ ಪಾತ್ರ ಏಳನೇ ತರಗತಿಯ ಹುಡುಗಿ, ಕ್ಯಾತ ಅವಳನ್ನು ಪುಟ್ಟಕ್ಕ ಎನ್ನುತ್ತಾನೆ. ಅವಳು "ನೀನು ತಪ್ಪು" ಎಂದು ಒಮ್ಮೆಯೂ ಹೇಳುವುದಿಲ್ಲ. ಅವಳ ಮಾತು ಒಂದೇ: "ಸಾಕ್ಷಿ ಎಲ್ಲೋ ಕ್ಯಾತ?" ಎರಡನೇ ಕಂತಿಗೇ ನೋಡುವ ಮಕ್ಕಳು ಅವಳ ಜೊತೆ ಕೂಗಲು ಶುರು ಮಾಡುತ್ತಾರೆ. ಹುಡುಗಿಯ ಅಪ್ಪ ಅಮ್ಮನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಅವಳ ಭಾಗವನ್ನೆಲ್ಲ ಒಂದೇ ವರ್ಷದೊಳಗೆ ಚಿತ್ರೀಕರಿಸಿ. ಏಪ್ರಿಲ್‌ನಲ್ಲಿ ಅವಳು ಬೇರೆ ಶಾಲೆಗೆ ಹೊರಟರೆ ಅರ್ಧ ಸರಣಿ ಅನಾಥ.

ಎಂಟು ಕಂತುಗಳನ್ನು ಸಾಲಾಗಿ ನಿಲ್ಲಿಸಿ

ಪಠ್ಯಪುಸ್ತಕದ ಅನುಕ್ರಮ ಬಿಡಿ, ಒಂದು ಕಂತಿನ ಉತ್ತರ ಮುಂದಿನ ಕಂತಿಗೆ ಮೆಟ್ಟಿಲಾಗುವಂತೆ ಜೋಡಿಸಿ. ಒಣಗಿದ ಬಟ್ಟೆಯ ನೀರು ಎಲ್ಲಿಗೆ ಹೋಯಿತು ಎಂಬುದು ಮೊದಲನೆಯದು. ಕುದಿಯುವ ನೀರಿನ ಗುಳ್ಳೆಯೊಳಗೆ ಏನಿದೆ ಎಂಬುದು ಎರಡನೆಯದು. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಾವಿ ಇದೆ ಎಂದು ಒಪ್ಪಿಕೊಂಡ ಮಗುವಿಗೆ ಮಾತ್ರ ಮೂರನೆಯದಾದ ತಣ್ಣನೆಯ ಲೋಟ ಅರ್ಥವಾಗುತ್ತದೆ. ಆಮೇಲೆ ಇಬ್ಬನಿ, ಮೋಡ. ಅಲ್ಲಿಂದ ಶಾಖಕ್ಕೆ ತಿರುಗಿ ಕಂಬಳಿಯೊಳಗಿನ ಮಂಜುಗಡ್ಡೆ, ಮರದ ಬೆಂಚಿಗಿಂತ ತಣ್ಣಗೆ ಮುಟ್ಟುವ ಕಬ್ಬಿಣದ ಕಾಲು, ಕೊನೆಗೆ ಉಪ್ಪಿನ ಆಟ.

ಚೌಕಟ್ಟು: ಏಳು ನಿಮಿಷ, ಐದು ತುಂಡು

ಆನ್‌ಲೈನ್ ಕೋರ್ಸ್‌ಗಳ ವಿಡಿಯೋ ನೋಡುವಿಕೆಯನ್ನು ಪರಿಶೀಲಿಸಿದ 2014ರ ಒಂದು ಅಧ್ಯಯನದಲ್ಲಿ, ವಿಡಿಯೋ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ಆರು ನಿಮಿಷದ ಆಚೆ ನೋಡುತ್ತಿರಲಿಲ್ಲ. ಅವರು ಒಂಟಿಯಾಗಿ ನೋಡುವ ದೊಡ್ಡವರು. ತರಗತಿಯಲ್ಲಿ ಮೇಷ್ಟ್ರು ಎದುರಿಗಿದ್ದಾಗ ಲೆಕ್ಕ ಬೇರೆ. ಆದರೂ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ವಿಡಿಯೋ ತೋರಿಸಿ, ಚರ್ಚಿಸಿ, ಪ್ರಯೋಗವನ್ನು ಮಕ್ಕಳ ಕೈಯಲ್ಲೂ ಮಾಡಿಸಲು ಸಮಯ ಬೇಕು. ಆದ್ದರಿಂದ ಏಳು ನಿಮಿಷ.

ಮೊದಲ ನಲವತ್ತು ಸೆಕೆಂಡು ಕ್ಯಾತನ ವಾದ. ಶೀರ್ಷಿಕೆ ಹಾಡು ಅದರ ನಂತರ ಬರಲಿ, ಎಂಟು ಸೆಕೆಂಡು ಸಾಕು. ಆಮೇಲೆ ಹದಿನೈದು ಸೆಕೆಂಡು ಊಹೆಗೆ ಬಿಡಿ: ತೆರೆಯ ಮೇಲೆ ಪ್ರಶ್ನೆ ಮಾತ್ರ, ಮಾತಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಆ ಮೌನ ಎಡಿಟಿಂಗ್ ಟೇಬಲಿನಲ್ಲಿ ಅಸಹನೀಯ ಅನ್ನಿಸುತ್ತದೆ, ಕತ್ತರಿಸಲು ಕೈ ತುರಿಸುತ್ತದೆ, ಕತ್ತರಿಸಬೇಡಿ. ಮಗು ಒಂದು ಪಕ್ಷ ಹಿಡಿಯುವುದು ಅಲ್ಲೇ, ಪಕ್ಷ ಹಿಡಿಯದವರಿಗೆ ಫಲಿತಾಂಶದಲ್ಲಿ ಆಸಕ್ತಿ ಇರುವುದಿಲ್ಲ. ಮೂರು ನಿಮಿಷ ಪ್ರಯೋಗ, ಒಂದು ನಿಮಿಷ ವಿವರಣೆ, ಉಳಿದದ್ದು ಕ್ವಿಜ್.

ಕನ್ನಡದ ಪದಗಳು ಉದ್ದ. ಮಕ್ಕಳಿಗೆ ಅರ್ಥವಾಗುವ ವೇಗದಲ್ಲಿ ಓದಿದರೆ ನನ್ನ ಅಂದಾಜಿನಲ್ಲಿ ನಿಮಿಷಕ್ಕೆ ತೊಂಬತ್ತು ಪದ ಹಿಡಿಸುತ್ತದೆ. ಒಂದು ನಿಮಿಷದ ವಿವರಣೆಗೆ ನೂರೈವತ್ತು ಪದ ಬರೆದಿದ್ದರೆ ಗಟ್ಟಿಯಾಗಿ ಓದಿ ಗಡಿಯಾರ ನೋಡಿಕೊಳ್ಳಿ, ಆಮೇಲೆ ಕತ್ತರಿ ಹಿಡಿಯಿರಿ.

ಒಂದು ಕಂತು ಪೂರ್ತಿ: ಬೆವರುವ ಲೋಟ

ಪ್ರಯೋಗವನ್ನು ಮೊದಲು ಚಿತ್ರೀಕರಿಸಿ, ಕ್ಯಾತನ ಮಾತನ್ನು ಆಮೇಲೆ ಬರೆಯಿರಿ. ನೀರು ನಿಮ್ಮ ಸ್ಕ್ರಿಪ್ಟ್ ಓದುವುದಿಲ್ಲ.

ಒಂದೇ ಬಗೆಯ ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಿ. ಎರಡಕ್ಕೂ ತಿಂಡಿಗೆ ಹಾಕುವ ಕೆಂಪು ಬಣ್ಣ ಕಲಸಿದ ನೀರನ್ನು ಅರ್ಧದವರೆಗೆ ಹಾಕಿ. ಒಂದಕ್ಕೆ ಎಂಟು ಹತ್ತು ತುಂಡು ಮಂಜುಗಡ್ಡೆ ಮೆಲ್ಲಗೆ ಇಳಿಸಿ, ಇನ್ನೊಂದು ಹಾಗೇ ಇರಲಿ. ಎರಡನ್ನೂ ತಟ್ಟೆಯಿಂದ ಮುಚ್ಚಿ, ಹೊರಮೈ ಒರೆಸಿ, ಐದು ನಿಮಿಷ ಬಿಡಿ. ಮುಚ್ಚಿದ್ದರಿಂದ ನೀರು ಅಂಚು ಹತ್ತಿ ಇಳಿಯಿತು ಎನ್ನುವವರ ಬಾಯಿ ಕಟ್ಟುತ್ತದೆ. ತಣ್ಣನೆಯ ಲೋಟ ಬೆವರಿದ ಮೇಲೆ ಬಿಳಿ ಬಟ್ಟೆಯ ತುಂಡಿನಿಂದ ಒರೆಸಿ ಕ್ಯಾಮೆರಾಗೆ ಹಿಡಿಯಿರಿ. ಬಟ್ಟೆ ಒದ್ದೆ, ಆದರೆ ಕೆಂಪಿಲ್ಲ. ಅದೇ ಬಟ್ಟೆಯ ಇನ್ನೊಂದು ತುದಿಯನ್ನು ಲೋಟದೊಳಗೆ ಅದ್ದಿ ಪಕ್ಕದಲ್ಲೇ ತೋರಿಸಿ. ಈ ಒಂದು ಶಾಟ್ ಇಡೀ ಕಂತಿನ ಸಾಕ್ಷಿ, ಕನಿಷ್ಠ ಹತ್ತು ಸೆಕೆಂಡು ಕದಲದೆ ನಿಲ್ಲಲಿ.

ಎಡವುವ ಜಾಗಗಳೂ ಇವೆ. ಬಣ್ಣ ಕಲಸಿದ ಕೈಯಲ್ಲೇ ಒರೆಸಿದರೆ ಬಟ್ಟೆಗೆ ಕೆಂಪು ಹತ್ತಿ ಕ್ಯಾತನೇ ಗೆದ್ದುಬಿಡುತ್ತಾನೆ. ಕಲಸುವವರು ಒಬ್ಬರು, ಒರೆಸುವವರು ಇನ್ನೊಬ್ಬರಿರಲಿ. ಇನ್ನೂ ದೊಡ್ಡ ತೊಡಕು ಹವೆಯದು. ಗಾಳಿಯ ಉಷ್ಣತೆ 30 ಡಿಗ್ರಿ, ತೇವಾಂಶ ಶೇ. 50 ಇದ್ದರೆ, ಸುಮಾರು 18 ಡಿಗ್ರಿಗಿಂತ ತಣ್ಣಗಿರುವ ಮೈಮೇಲೆ ಹನಿ ಕೂರುತ್ತದೆ. ಫ್ರಿಜ್ಜಿನ ನೀರೇ ಸಾಕಾಗುತ್ತದೆ. ಆದರೆ ರಾಯಚೂರಿನ ಕಡೆಯ ಬೇಸಿಗೆಯಲ್ಲಿ 38 ಡಿಗ್ರಿ ಬಿಸಿಲಿಗೆ ತೇವಾಂಶ ಶೇ. 15ಕ್ಕೆ ಇಳಿದ ಮಧ್ಯಾಹ್ನ ಆ ಮಿತಿ ಸುಮಾರು 7 ಡಿಗ್ರಿಗೆ ಕುಸಿದಿರುತ್ತದೆ. ಫ್ರಿಜ್ಜಿನ ನೀರಿಗೆ ಲೋಟ ಬೆವರುವುದು ಅನುಮಾನ, ಮಂಜುಗಡ್ಡೆ ಹಾಕಿದರೂ ತೆಳ್ಳಗೆ, ತಡವಾಗಿ ಬೆವರುತ್ತದೆ. ಅಂಥ ಊರಿನವರು ಈ ಕಂತನ್ನು ಜುಲೈ, ಆಗಸ್ಟಿನಲ್ಲಿ ಚಿತ್ರೀಕರಿಸುವುದು ಒಳ್ಳೆಯದು. ಪ್ಲಾಸ್ಟಿಕ್ ಲೋಟವಂತೂ ಬೇಡ, ಅದರ ಹೊರಮೈ ಸ್ಟೀಲಿನಷ್ಟು ತಣ್ಣಗಾಗುವುದಿಲ್ಲ.

ಈಗ ಕ್ಯಾತನ ಮಾತು ಬರೆಯಬಹುದು:

ಕ್ಯಾತ: ಪುಟ್ಟಕ್ಕಾ, ನಿನ್ನ ಲೋಟ ತೂತು ಬಿದ್ದಿದೆ ನೋಡು.
ಪುಟ್ಟಕ್ಕ: ಹೊಸಾ ಲೋಟ ಕಣೋ. ತೂತೆಲ್ಲಿ?
ಕ್ಯಾತ: ಕಣ್ಣಿಗೆ ಕಾಣಲ್ಲ. ಅಜ್ಜಿ ಮನೆ ಮಡಕೆ ಜಿನುಗಲ್ವಾ? ಅದಕ್ಕೂ ತೂತು ಕಾಣಲ್ಲ. ಹಂಗೇ ಇದು.
ಪುಟ್ಟಕ್ಕ: ಸಾಕ್ಷಿ ಎಲ್ಲೋ ಕ್ಯಾತ?
ಕ್ಯಾತ: (ತಲೆ ಅಲ್ಲಾಡಿಸುತ್ತಾ) ಬೇಲಿ ಗೂಟನ್ನ ಕೇಳು.

ಪ್ರಯೋಗದ ನಂತರ ಕ್ಯಾತ ಸೋತು ಅಳುವುದು, ಕ್ಷಮೆ ಕೇಳುವುದು ಯಾವುದೂ ಬೇಡ. ಅವನು ಬಟ್ಟೆಯನ್ನು ಮೂಸಿ ನೋಡಿ "ಹಂಗಾದ್ರೆ ಇದು ಯಾರ ನೀರು?" ಎಂದು ಕೇಳಿದರೆ ಸಾಕು. ವಿವರಣೆ ಅಲ್ಲಿಂದ ತಾನಾಗಿ ಹೊರಡುತ್ತದೆ: ಗಾಳಿಯಲ್ಲಿ ಅಲೆದಾಡುತ್ತಿದ್ದ ನೀರಿನ ಕಣಗಳು ತಣ್ಣನೆಯ ಮೈಗೆ ತಾಗಿ ವೇಗ ಕಳೆದುಕೊಂಡು, ಒಂದಕ್ಕೊಂದು ಅಂಟಿ ಹನಿಯಾದವು. "ಗಾಳಿ ಸ್ಪಂಜಿನ ಹಾಗೆ ನೀರನ್ನು ಹೀರಿಕೊಂಡಿತ್ತು" ಎಂಬ ಹೋಲಿಕೆ ಬಾಯಿಗೆ ಸುಲಭವಾಗಿ ಬರುತ್ತದೆ. ಅದನ್ನು ಬಿಟ್ಟುಬಿಡಿ, ಒಂದು ತಪ್ಪು ಕಿತ್ತ ಜಾಗದಲ್ಲಿ ಇನ್ನೊಂದನ್ನು ನೆಟ್ಟಂತಾಗುತ್ತದೆ.

ಕ್ವಿಜ್: ಮೂರು ಪ್ರಶ್ನೆ, ಮೂರು ಕೆಲಸ

"ಈ ಕ್ರಿಯೆಗೆ ಏನೆನ್ನುತ್ತಾರೆ?" ಎಂಬ ಪ್ರಶ್ನೆ ಹಾಕಬೇಡಿ. ಅದು ಕೊನೆಯ ಒಂದು ನಿಮಿಷದ ನೆನಪನ್ನು ಮಾತ್ರ ಅಳೆಯುತ್ತದೆ.

ಮೊದಲ ಪ್ರಶ್ನೆ ಈ ಕಂತಿನ ತಪ್ಪು ನಿಜವಾಗಿ ಬಿದ್ದಿದೆಯೇ ಎಂದು ನೋಡಲು. "ಸ್ಟೀಲ್ ಡಬ್ಬಿಯಲ್ಲಿ ಮಂಜುಗಡ್ಡೆ ಹಾಕಿ, ಬಿಗಿಯಾಗಿ ಮುಚ್ಚಿ, ತೂಕದ ಯಂತ್ರದ ಮೇಲೆ ಇಟ್ಟಿದ್ದೇವೆ. ಅರ್ಧ ಗಂಟೆಯಲ್ಲಿ ಹೊರಗೆಲ್ಲ ಹನಿ ಕೂತಿವೆ. ಈಗ ತೂಕ? 1. ಕಡಿಮೆಯಾಗಿದೆ 2. ಅಷ್ಟೇ ಇದೆ 3. ಹೆಚ್ಚಾಗಿದೆ." ಉತ್ತರ 3, ಹೊರಗಿನಿಂದ ನೀರು ಬಂದು ಸೇರಿದೆಯಲ್ಲ. 2 ಎಂದವರ ತಲೆಯಲ್ಲಿ ಲೋಟ ಇನ್ನೂ ಜಿನುಗುತ್ತಿರಬಹುದು. 1 ಎಂದವರು ಮಂಜುಗಡ್ಡೆ ಕರಗಿದರೆ ಹಗುರಾಗುತ್ತದೆ ಎಂದುಕೊಂಡಿರಬಹುದು, ಅದು ಬೇರೆಯೇ ತಪ್ಪು. ಹೀಗೆ ಪ್ರತಿ ತಪ್ಪು ಆಯ್ಕೆಯೂ ಒಂದು ಸುದ್ದಿ ಹೇಳಬೇಕು. ಉತ್ತರವನ್ನು ಪ್ರಯೋಗ ಮಾಡಿಯೇ ತೋರಿಸುವುದಾದರೆ ನೆನಪಿಡಿ: ಸೇರುವ ನೀರು ಒಂದೆರಡು ಗ್ರಾಂ ಅಷ್ಟೇ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ಯಂತ್ರದಲ್ಲಿ ಮಳೆಗಾಲದ ಕರಾವಳಿಯಲ್ಲಿ ಅಂಕಿ ಕದಲೀತು, ಒಣಹವೆಯಲ್ಲಿ ಕದಲದೇ ಇರಬಹುದು.

ಎರಡನೆಯ ಪ್ರಶ್ನೆ ತಿಳಿದದ್ದನ್ನು ಬೇರೆ ಕಡೆ ಒಯ್ಯಲು. "ಬಿಸಿ ಅನ್ನದ ಟಿಫಿನ್ ಬಾಕ್ಸ್ ತೆರೆದರೆ ಮುಚ್ಚಳದ ಒಳಮೈಯಲ್ಲಿ ಹನಿಗಳು. ಯಾವ ನೀರು? 1. ಅನ್ನದಿಂದ ಎಗರಿದ ಹನಿ 2. ಅನ್ನದಿಂದ ಎದ್ದ ಆವಿ 3. ಹೊರಗಿನ ಗಾಳಿಯ ಆವಿ." ಇಲ್ಲಿ ಮೂರನೆಯದು ಬಲೆ. "ಹೊರಗಿನ ಗಾಳಿ" ಎಂಬ ಪದವನ್ನು ಬಾಯಿಪಾಠ ಮಾಡಿಕೊಂಡವರು ಅದರಲ್ಲೇ ಬೀಳುತ್ತಾರೆ. ಎಸಿ ಬಸ್ಸಿನ ಕಿಟಕಿಯ ಉದಾಹರಣೆ ಚೆನ್ನಾಗಿದೆ ಎಂದು ನನಗೂ ಅನ್ನಿಸಿತ್ತು, ಆದರೆ ಎಸಿ ಬಸ್ ಹತ್ತದ ಮಗುವಿಗೆ ಅದು ವಿಜ್ಞಾನದ ಪ್ರಶ್ನೆಯೇ ಅಲ್ಲ.

ಮೂರನೆಯದು ಹಳೆಯ ಕಂತಿನಿಂದ. ಇಲ್ಲಿ ಮೊದಲ ಕಂತಿನ ಒಣಗಿದ ಬಟ್ಟೆಯನ್ನು ಮತ್ತೆ ಕೇಳಿ: ನೀರನ್ನು ಸೂರ್ಯ ಎಳೆದುಕೊಂಡನೇ, ಬಟ್ಟೆಯೇ ಕುಡಿಯಿತೇ, ಗಾಳಿಗೆ ಸೇರಿತೇ? ಎರಡು ವಾರ ಬಿಟ್ಟು ನೆನಪಿಸಿಕೊಳ್ಳುವುದು ಅದೇ ದಿನ ನೆನಪಿಸಿಕೊಳ್ಳುವುದಕ್ಕಿಂತ ಗಟ್ಟಿ.

ಪ್ರತಿ ಪ್ರಶ್ನೆಯನ್ನೂ ಪುಟ್ಟಕ್ಕ ಗಟ್ಟಿಯಾಗಿ ಓದಬೇಕು, ಆಮೇಲೆ ಹತ್ತು ಸೆಕೆಂಡು ಬಿಡುವು, ಆಮೇಲೆ ಉತ್ತರ ಮತ್ತು ಒಂದು ವಾಕ್ಯದ ಕಾರಣ. ತರಗತಿಯಲ್ಲಿ ಮಕ್ಕಳು ಉತ್ತರದ ಸಂಖ್ಯೆಯನ್ನು ಎದೆಯ ಹತ್ತಿರ ಬೆರಳಿನಲ್ಲಿ ಹಿಡಿಯಲಿ, ಪಕ್ಕದವರಿಗೆ ಕಾಣದಂತೆ. ಬಾಯಲ್ಲಿ ಹೇಳಿಸಿದರೆ ಮುಂದಿನ ಬೆಂಚಿನ ಜಾಣೆಯ ಉತ್ತರವೇ ಇಡೀ ತರಗತಿಯ ಉತ್ತರವಾಗುತ್ತದೆ.

ಕ್ವಿಜ್ ವಿಡಿಯೋದ ಒಳಗೇ ಪೂರ್ತಿ ಮುಗಿಯಬೇಕು ಎನ್ನಲು ಇನ್ನೊಂದು ಕಾರಣ ಇದೆ. ಯೂಟ್ಯೂಬಿನಲ್ಲಿ ಮಕ್ಕಳಿಗಾಗಿ ಮಾಡಿದ್ದು ಎಂದು ಗುರುತು ಹಾಕಿದ ವಿಡಿಯೋಗಳಿಗೆ ಕಾಮೆಂಟ್ ಇರುವುದಿಲ್ಲ, ಕಾರ್ಡ್ ಮತ್ತು ಎಂಡ್ ಸ್ಕ್ರೀನ್ ಕೂಡ ಇಲ್ಲ. "ಉತ್ತರವನ್ನು ಕಾಮೆಂಟಿನಲ್ಲಿ ಬರೆಯಿರಿ" ಎಂದು ಮುಗಿಸಿದ ಕಂತು ಗೋಡೆಗೆ ಮಾತಾಡಿದಂತೆ.

ಬಿಡುಗಡೆಗೆ ಮುಂಚೆ ಎರಡು ಪರೀಕ್ಷೆ

ಒಂದು, ವಿಡಿಯೋ ತೋರಿಸದೆ ಬರೀ ಕ್ವಿಜ್ ಅನ್ನು ಇನ್ನೊಂದು ಸೆಕ್ಷನ್‌ಗೆ ಕೊಡಿ. ಹೆಚ್ಚಿನವರು ಸರಿ ಉತ್ತರಿಸಿದರೆ ಒಂದೋ ಆ ತಪ್ಪು ಅವರಲ್ಲಿಲ್ಲ, ಇಲ್ಲವೇ ಪ್ರಶ್ನೆಯೇ ಉತ್ತರವನ್ನು ಬಿಟ್ಟುಕೊಡುತ್ತಿದೆ. ಯಾವುದೆಂದು ತಿಳಿಯಲು ಮೊದಲಿನ ಅರ್ಧ ಹಾಳೆಗಳ ಜೊತೆ ಹೋಲಿಸಿ. ಸರಿಯುತ್ತರ ಯಾವಾಗಲೂ ಉಳಿದವಕ್ಕಿಂತ ಉದ್ದವಾಗಿದೆಯೇ, ಕ್ಯಾತ ಹೇಳಿದ ಮಾತು ಯಾವಾಗಲೂ ಮೊದಲ ಆಯ್ಕೆಯಾಗಿದೆಯೇ ಎಂದೂ ನೋಡಿ. ಮಕ್ಕಳು ಇಂಥದ್ದನ್ನು ನಮಗಿಂತ ಬೇಗ ಹಿಡಿಯುತ್ತಾರೆ.

ಎರಡು, ಮುಗಿದ ಕಂತನ್ನು ನಿಜವಾದ ತರಗತಿಯ ಟಿವಿಯಲ್ಲಿ ಹಾಕಿ ಕೊನೆಯ ಬೆಂಚಿನಲ್ಲಿ ಕೂತು ನೋಡಿ. ಹೆಡ್‌ಫೋನಿನಲ್ಲಿ ಇಂಪಾಗಿದ್ದ ಹಿನ್ನೆಲೆ ಸಂಗೀತ ಖಾಲಿ ಗೋಡೆಗಳ ನಡುವೆ ಪುಟ್ಟಕ್ಕನ ಮಾತನ್ನು ನುಂಗಿರುತ್ತದೆ. ಆಯ್ಕೆಗಳ ಅಕ್ಷರ ಓದಲಾಗದಿದ್ದರೆ ಅಕ್ಷರ ದೊಡ್ಡದು ಮಾಡುವ ಮೊದಲು ವಾಕ್ಯ ಚಿಕ್ಕದು ಮಾಡಿ.

ವಿಡಿಯೋ ನೋಡಿದ ಮೇಲೂ ಮೊದಲ ಪ್ರಶ್ನೆಗೆ ಹಲವು ಎರಡು ಬೆರಳು ಎದ್ದರೆ, ವಿವರಣೆಗೆ ಮಾತು ಸೇರಿಸಲು ಹೋಗಬೇಡಿ. ಬಿಳಿ ಬಟ್ಟೆಯ ಶಾಟ್‌ಗೆ ಹಿಂತಿರುಗಿ. ಅದು ಎಷ್ಟು ಸೆಕೆಂಡು ನಿಂತಿದೆ, ಕೆಂಪು ತುದಿ ಮತ್ತು ಬಿಳಿ ತುದಿ ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆಯೇ, ಆ ಹೊತ್ತಿನಲ್ಲಿ ಕ್ಯಾತ ಏನಾದರೂ ಮಾತಾಡಿ ಮಕ್ಕಳ ಕಣ್ಣನ್ನು ತನ್ನ ಕಡೆ ಎಳೆದುಕೊಂಡಿದ್ದಾನೆಯೇ ನೋಡಿ. ಅವನು ಮಾತಾಡಿದ್ದರೆ ಆ ಮಾತನ್ನು ತೆಗೆದು, ಶಾಟ್ ಅನ್ನು ಐದು ಸೆಕೆಂಡು ಉದ್ದ ಮಾಡಿ, ಇನ್ನೊಂದು ಸೆಕ್ಷನ್‌ಗೆ ತೋರಿಸಿ ಮತ್ತೆ ಬೆರಳು ಎಣಿಸಿ.